ಗ್ಯಾಲಿಯಂ ಆರ್ಸೆನೈಡ್‌ನ ಎಕ್ಸಿಟಾನ್: ಎರಡನೇ ಪೀಕನ್ನು ನಂಬುವ ಮುನ್ನ

ಗ್ಯಾಲಿಯಂ ಆರ್ಸೆನೈಡ್‌ನ ತೆಳು ಪದರವನ್ನು 10 ಕೆಲ್ವಿನ್‌ಗೆ ತಣಿಸಿ, ಅದರ ಮೂಲಕ ಬಿಳಿ ಬೆಳಕು ಹಾಯಿಸಿ, 818 ನ್ಯಾನೊಮೀಟರ್ ಸುತ್ತ ಎಷ್ಟು ಬೆಳಕು ದಾಟಿ ಬರುತ್ತದೆ ಎಂದು ಅಳೆದರೆ ಒಂದು ಚೂಪಾದ ಹೀರಿಕೆಯ ಪೀಕ್ ಸಿಗುತ್ತದೆ. ಅದು ಇರುವುದು ಬ್ಯಾಂಡ್ ಅಂಚಿಗಿಂತ, ಅಂದರೆ ಎಲೆಕ್ಟ್ರಾನನ್ನು ಬಿಡಿಸಿ ಮುಕ್ತವಾಗಿಸಲು ಬೇಕಾದ ಕನಿಷ್ಠ ಶಕ್ತಿಗಿಂತ, ಸ್ವಲ್ಪ ಕೆಳಗೆ: ಅಂಚು 1.519 ಎಲೆಕ್ಟ್ರಾನ್ ವೋಲ್ಟ್, ಅಂದರೆ ಇವಿ, ಪೀಕ್ 1.515 ಇವಿ. ಬೆಳಕು ಎಬ್ಬಿಸಿದ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗವಾದ ಹೋಲ್ ಒಂದನ್ನೊಂದು ಹಿಡಿದುಕೊಂಡಿರುವ ಜೋಡಿಯೇ ಎಕ್ಸಿಟಾನ್; ನಡುವಿನ ಈ 4 ಮಿಲಿ ಇವಿಯೇ ಅದರ ಬಂಧನ ಶಕ್ತಿ. ಅದನ್ನು ನಾನು ಅಳೆಯುವ ಬಗೆ ಮತ್ತು ಅದರಲ್ಲಿ ಅತಿ ಸುಲಭವಾಗಿ ಆಗುವ ಒಂದು ತಪ್ಪಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಅಳತೆಗೆ ಇಳಿಯುವ ಮೊದಲು ಎಷ್ಟು ಬರಬೇಕು ಎಂಬ ಲೆಕ್ಕ ಕೈಯಲ್ಲಿರಬೇಕು. ಹೈಡ್ರೋಜನ್ ಮಾದರಿಯಲ್ಲಿ ಬಂಧನ ಶಕ್ತಿ ಹೀಗಿದೆ:

R = 13.6 eV × μ / ε²

ಇಲ್ಲಿ μ ಎಂದರೆ ಎಲೆಕ್ಟ್ರಾನ್ ಮತ್ತು ಹೋಲ್ ಎರಡೂ ಸೇರಿದ ರೆಡ್ಯೂಸ್ಡ್ ಮಾಸ್. ಅದನ್ನು ಮುಕ್ತ ಎಲೆಕ್ಟ್ರಾನಿನ ರಾಶಿಯ ಭಾಗವಾಗಿ ಬರೆಯುತ್ತೇವೆ. ε ಎಂದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ. ಸೂತ್ರ ಸರಳ, ಆದರೆ ಯಾವ ಅಂಕಿ ಹಾಕಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಎಲೆಕ್ಟ್ರಾನಿಗೆ 0.067 ಎನ್ನುವುದರಲ್ಲಿ ಗೊಂದಲವಿಲ್ಲ. ಹೋಲ್‌ಗೆ ಹೆವಿ ಹೋಲ್‌ನ 0.45 ಹಾಕಿದರೆ μ 0.058 ಆಗುತ್ತದೆ, ತಣ್ಣಗಿರುವಾಗಿನ ε 12.5 ಎಂದಿಟ್ಟರೆ R ಸುಮಾರು 5.1 ಮಿಲಿ ಇವಿ ಬರುತ್ತದೆ. ಇದು ಹೆಚ್ಚಾಯಿತು. ಏಕೆಂದರೆ ವೇಲೆನ್ಸ್ ಬ್ಯಾಂಡಿನ ತುದಿಯಲ್ಲಿ ಹೆವಿ ಮತ್ತು ಲೈಟ್ ಹೋಲ್ ಎರಡೂ ಕೂಡಿಕೊಂಡಿವೆ, ಎಕ್ಸಿಟಾನ್ ಎರಡರಿಂದಲೂ ಪಾಲು ಪಡೆಯುತ್ತದೆ. ಎರಡರ ಸರಾಸರಿಯನ್ನು ವೇಲೆನ್ಸ್ ಬ್ಯಾಂಡನ್ನು ವಿವರಿಸುವ ಲಟಿಂಜರ್‌ನ γ₁ ಎಂಬ ಅಂಕಿ ಕೊಡುತ್ತದೆ: ಹೋಲ್ ರಾಶಿ 1/γ₁, ಅಂದರೆ 1/6.98, ಸುಮಾರು 0.143. ಆಗ μ 0.0456, R ಸುಮಾರು 4.0 ಮಿಲಿ ಇವಿ. ಎರಡು ಬ್ಯಾಂಡುಗಳ ಬೆರಕೆಯಿಂದ ಬರುವ ಸಣ್ಣ ತಿದ್ದುಪಡಿಯನ್ನೂ ಸೇರಿಸಿದರೆ ಅಳತೆಯಲ್ಲಿ ಸಿಗುವ 4.2ಕ್ಕೆ ಹತ್ತಿರ ಬರುತ್ತೇವೆ.

ε ವಿಷಯದಲ್ಲೂ ಒಂದು ಎಚ್ಚರ ಬೇಕು. ಕೋಷ್ಟಕದಲ್ಲಿ ಎರಡು ಬೆಲೆಗಳಿರುತ್ತವೆ, ಸ್ಥಾಯಿ ಬೆಲೆ ಮತ್ತು ಬೆಳಕಿನ ಆವರ್ತನದ ಬೆಲೆ. ಬೆಳಕಿನಿಂದ ಅಳೆಯುತ್ತಿದ್ದೇವೆಂದು ಎರಡನೆಯದನ್ನು, ಅಂದರೆ 10.9ನ್ನು ಹಾಕಿದರೆ R 5.2 ಆಗಿಬಿಡುತ್ತದೆ. ನೋಡಬೇಕಾದದ್ದು ಬೆಳಕಿನ ಆವರ್ತನವನ್ನಲ್ಲ, ಎಲೆಕ್ಟ್ರಾನ್ ಮತ್ತು ಹೋಲ್ ಪರಸ್ಪರ ಸುತ್ತುವ ವೇಗವನ್ನು. ಆ ಸುತ್ತಾಟದ ಶಕ್ತಿ 4 ಮಿಲಿ ಇವಿ, ಲ್ಯಾಟಿಸ್‌ನ ಕಂಪನದ್ದು, ಅಂದರೆ ಎಲ್‌ಒ ಫೋನಾನಿನದು, 36. ಅಷ್ಟು ನಿಧಾನದ ಸುತ್ತಾಟಕ್ಕೆ ಲ್ಯಾಟಿಸ್ ಪೂರ್ತಿ ಸ್ಪಂದಿಸುತ್ತದೆ, ಆದ್ದರಿಂದ ಸ್ಥಾಯಿ ಬೆಲೆಯೇ ಸರಿ. ಇದೇ ಲೆಕ್ಕದಲ್ಲಿ ಬೋರ್ ತ್ರಿಜ್ಯ 14.5 ನ್ಯಾನೊಮೀಟರ್, ಅಂದರೆ ಸುಮಾರು 25 ಲ್ಯಾಟಿಸ್ ಕೋಶಗಳಷ್ಟು ದೂರ. ಇಷ್ಟು ದೊಡ್ಡದಾಗಿರುವುದರಿಂದಲೇ ಹೈಡ್ರೋಜನ್ ಮಾದರಿ ಇಲ್ಲಿ ಒಪ್ಪುತ್ತದೆ.

ಇನ್ನು ಸ್ಯಾಂಪಲ್. ಹೀರಿಕೆಯ ಗುಣಾಂಕ ಅಂಚಿನ ಮೇಲೆ ಸೆಂಟಿಮೀಟರಿಗೆ 10,000ದ ಆಸುಪಾಸಿನಲ್ಲಿರುತ್ತದೆ, ಪೀಕ್‌ನಲ್ಲಿ ಅದರ ನಾಲ್ಕೈದು ಪಟ್ಟು. ಹಾಗಾಗಿ ಅರ್ಧ ಮೈಕ್ರಾನ್ ದಪ್ಪ ಸಾಕು. ಪೀಕ್‌ನ ನೆತ್ತಿಯಲ್ಲಿ ಶೇ. 8ರಷ್ಟು ಬೆಳಕಾದರೂ ದಾಟಿ ಬರುತ್ತದೆ. ಎರಡು ಮೈಕ್ರಾನ್ ತೆಗೆದುಕೊಂಡರೆ ನೆತ್ತಿಯಲ್ಲಿ ನಿಜವಾದ ಬೆಳಕು ಏನೂ ಉಳಿಯುವುದಿಲ್ಲ, ಡಿಟೆಕ್ಟರ್ ನೋಡುವುದು ಸ್ಪೆಕ್ಟ್ರೋಮೀಟರಿನೊಳಗೆ ಚದುರಿದ ಬೆಳಕನ್ನು ಮಾತ್ರ. ಆಗ ಪೀಕ್ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಪೀಕ್‌ನ ಮೇಲ್ಭಾಗ ಚಪ್ಪಟೆಯಾಗಿದ್ದರೆ ನಾನು ಮೊದಲು ಅನುಮಾನಿಸುವುದು ದಪ್ಪವನ್ನೇ.

ಪದರವನ್ನು ಎರಡು ಅಲ್ಯುಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಪದರಗಳ ನಡುವೆ ಬೆಳೆಸಿರಬೇಕು, ಅಲ್ಯುಮಿನಿಯಂ ಪಾಲು 0.3. ಡೋಪಿಂಗ್ ಬೇಡವೇ ಬೇಡ. ಘನ ಸೆಂಟಿಮೀಟರಿಗೆ 10¹⁶ ಆಸುಪಾಸಿಗೆ ಬಂದರೇ ಪೀಕ್ ಅಗಲವಾಗತೊಡಗುತ್ತದೆ. ಕೆಳಗಿನ ವೇಫರ್ ಅದೇ ಗ್ಯಾಲಿಯಂ ಆರ್ಸೆನೈಡ್ ಆದ್ದರಿಂದ ನಮಗೆ ಬೇಕಾದ ಬೆಳಕನ್ನೆಲ್ಲ ಅದೇ ನುಂಗುತ್ತದೆ, ಅದನ್ನು ತೆಗೆಯಲೇಬೇಕು. ಮೂರು ಮಿಲಿಮೀಟರ್ ಚದರದ ತುಂಡನ್ನು ಮುಖ ಕೆಳಗೆ ಮಾಡಿ ಕಪ್ಪು ಮೇಣದಲ್ಲಿ ಅಂಟಿಸಿ, ಅಲ್ಯುಮಿನಾ ಪುಡಿಯಲ್ಲಿ 80 ಮೈಕ್ರಾನ್‌ವರೆಗೆ ಉಜ್ಜುತ್ತೇನೆ. ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣದಲ್ಲಿ ಬೇಗ ಇನ್ನಷ್ಟು ತೆಳುವಾಗಿಸಿ, ಕೊನೆಯ ಹತ್ತಿಪ್ಪತ್ತು ಮೈಕ್ರಾನನ್ನು ಸಿಟ್ರಿಕ್ ಆಮ್ಲಕ್ಕೆ ಬಿಡುತ್ತೇನೆ: ತೂಕದಲ್ಲಿ ಅರ್ಧಕ್ಕರ್ಧ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲ ಐದು ಪಾಲು, ಶೇ. 30ರ ಪೆರಾಕ್ಸೈಡ್ ಒಂದು ಪಾಲು. ಇದು ನಿಮಿಷಕ್ಕೆ 0.3 ಮೈಕ್ರಾನಿನಷ್ಟು ಕೊರೆಯುತ್ತದೆ, ಅಲ್ಯುಮಿನಿಯಂ ಇರುವ ಪದರ ತಲುಪಿದೊಡನೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಮಂಕಾಗಿದ್ದ ಮೈ ಒಮ್ಮೆಲೇ ಕನ್ನಡಿಯಂತಾದರೆ ತಲುಪಿತು ಎಂದರ್ಥ. ಮೇಣ ಕರಗಿಸಿ ಪದರವನ್ನು ಬಿಡಿಸಿ ದೀಪಕ್ಕೆ ಹಿಡಿದರೆ ಅದು ಕೆಂಪಗೆ ಕಾಣುತ್ತದೆ. ತೊಳೆದ ದ್ರವದಲ್ಲಿ ಆರ್ಸೆನಿಕ್ ಇರುತ್ತದೆ, ಅದು ಸಿಂಕಿಗೆ ಹೋಗಬಾರದು. ಬೇರೆ ಬಾಟಲಿಯಲ್ಲಿ ಕೂಡಿಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಚಿನ ಶಕ್ತಿಯನ್ನು Eg ಎಂದು ಕರೆದರೆ, ಹೈಡ್ರೋಜನ್ ಸರಣಿಯಂತೆ n = 1 ಪೀಕ್ Eg − R ನಲ್ಲಿ, n = 2 ಪೀಕ್ Eg − R/4 ನಲ್ಲಿ ಇರುತ್ತದೆ. ಎರಡರ ಅಂತರ R ನ ಮುಕ್ಕಾಲು ಪಾಲು. ಹಾಗಾಗಿ ಅಂಚು ಎಲ್ಲಿದೆ ಎಂದು ಗೊತ್ತಿಲ್ಲದೆಯೂ ಎರಡು ಪೀಕ್‌ಗಳ ಅಂತರವನ್ನು 4/3ರಿಂದ ಗುಣಿಸಿದರೆ ಬಂಧನ ಶಕ್ತಿ ಸಿಗುತ್ತದೆ. 1515.0 ಮತ್ತು 1518.15 ಮಿಲಿ ಇವಿ ಎಂದು ಓದಿದರೆ ಅಂತರ 3.15, R 4.2, ಅಂಚು 1519.2. ಎಷ್ಟು ಚೆಂದದ ಲೆಕ್ಕ! ತೊಂದರೆ ಏನೆಂದರೆ, 3 ಮಿಲಿ ಇವಿ ದೂರದಲ್ಲಿ ಎರಡನೇ ಪೀಕ್ ಬರಲು ಇನ್ನೊಂದು ಕಾರಣವೂ ಇದೆ.

ತೆಳು ಪದರವನ್ನು ಕಿಟಕಿಗೆ ಅಂಟಿಸಿ ತಣಿಸಿದಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಫ್ಯೂಸ್ಡ್ ಸಿಲಿಕಾ ಕುಗ್ಗುವುದೇ ಇಲ್ಲ ಎನ್ನಬಹುದು, ಗ್ಯಾಲಿಯಂ ಆರ್ಸೆನೈಡ್ ಸುಮಾರು ಶೇ. 0.1 ಕುಗ್ಗಲು ನೋಡುತ್ತದೆ. ಅಂಟು ಬಿಡುವುದಿಲ್ಲ, ಪದರ ಎಳೆತದಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಸೋಡಾ ಗಾಜು ಇದಕ್ಕಿಂತ ಹೆಚ್ಚು ಕುಗ್ಗುವುದರಿಂದ ಅಲ್ಲಿ ಪದರ ಒತ್ತಿಗೊಳಗಾಗುತ್ತದೆ. ಹೀಗೆ ಎಳೆದರೂ ಒತ್ತಿದರೂ ಕೂಡಿಕೊಂಡಿದ್ದ ಹೆವಿ ಮತ್ತು ಲೈಟ್ ಹೋಲ್ ಬೇರೆಯಾಗುತ್ತವೆ, ಒಂದೊಂದಕ್ಕೂ ಒಂದೊಂದು n = 1 ಪೀಕ್ ಬರುತ್ತದೆ. ಶೇ. 0.05ರಷ್ಟು ಎಳೆತ ಸಾಕು, ಎರಡು ಪೀಕ್‌ಗಳ ನಡುವೆ 3 ಮಿಲಿ ಇವಿಗಿಂತ ತುಸು ಹೆಚ್ಚು ಅಂತರ ಬೀಳುತ್ತದೆ. n = 1, n = 2 ಅಂತರವೂ ಅಷ್ಟೇ. ಇದನ್ನು 4/3ರಿಂದ ಗುಣಿಸಿ, ಪುಸ್ತಕದ ಬೆಲೆಯೇ ಬಂತೆಂದು ತೃಪ್ತಿಪಟ್ಟರೆ ಅಳೆದದ್ದು ಅಂಟನ್ನೇ ಹೊರತು ಎಕ್ಸಿಟಾನನ್ನಲ್ಲ.

ಯಾವುದು ಯಾವುದು ಎಂದು ತಿಳಿಯಲು ನಾನು ಮೊದಲು ನೋಡುವುದು ಬಲವನ್ನು. n ನೇ ಪೀಕ್‌ನ ವಿಸ್ತೀರ್ಣ 1/n³ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ n = 2 ಪೀಕ್ ಮೊದಲನೆಯದರ ಎಂಟನೇ ಒಂದು ಭಾಗ. ಹೆವಿ ಮತ್ತು ಲೈಟ್ ಹೋಲ್ ಪೀಕ್‌ಗಳ ಬಲವಾದರೆ, ಬೆಳಕು ಪದರಕ್ಕೆ ಲಂಬವಾಗಿ ಬಿದ್ದಾಗ, ಸುಮಾರು 3ಕ್ಕೆ 1. ಎಳೆತದಲ್ಲಿ ಲೈಟ್ ಹೋಲ್ ಕೆಳಗೆ ಬರುತ್ತದೆ, ಆದ್ದರಿಂದ ಮೇಲಿನ ಪೀಕೇ ದೊಡ್ಡದಾಗಿರುತ್ತದೆ. n = 2 ಎಂದೂ n = 1 ಗಿಂತ ದೊಡ್ಡದಾಗದು, ಅಲ್ಲಿಗೆ ತೀರ್ಮಾನವಾಯಿತು. ಒತ್ತಿನಲ್ಲಿ ಮಾತ್ರ ಕಷ್ಟ: ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಥೇಟ್ n = 2 ಇದ್ದಂತೆಯೇ ಕಾಣುತ್ತದೆ. ಮೂರನೇ ಒಂದು ಭಾಗವೋ ಎಂಟನೇ ಒಂದು ಭಾಗವೋ ಎಂದು ಕೆಳಗಿನ ಹಿನ್ನೆಲೆ ಕಳೆದು ವಿಸ್ತೀರ್ಣ ಅಳೆದೇ ನೋಡಬೇಕು.

ಇನ್ನೊಂದು ಸುಳಿವು ಪೀಕ್ ಇರುವ ಜಾಗ. ಶೇ. 0.05 ಎಳೆತದಲ್ಲಿ ಎರಡೂ ಪೀಕ್‌ಗಳು 1515ಕ್ಕಿಂತ ಕೆಳಗಿಳಿಯುತ್ತವೆ, ಒಂದು ಸುಮಾರು 6, ಇನ್ನೊಂದು ಸುಮಾರು 3 ಮಿಲಿ ಇವಿ. ಒತ್ತಿನಲ್ಲಿ ಅಷ್ಟೇ ಮೇಲೇರುತ್ತವೆ. ಹಾಗಾಗಿ ತರಂಗಾಂತರದ ಕ್ಯಾಲಿಬ್ರೇಶನ್ ನಿಖರವಾಗಿರಬೇಕು. ಆರ್ಗಾನ್ ದೀಪದ 811.53 ಮತ್ತು 826.45 ನ್ಯಾನೊಮೀಟರ್ ಗೆರೆಗಳು ನಮ್ಮ ಪೀಕ್‌ನ ಎರಡೂ ಬದಿಗೆ ಇವೆ, ಅವು ಸಾಕು. ಆದರೆ ಇವು ಗಾಳಿಯಲ್ಲಿನ ತರಂಗಾಂತರಗಳು. 1239.84 ಅನ್ನು ನೇರವಾಗಿ ಇವುಗಳಿಂದ ಭಾಗಿಸಿದರೆ ಶಕ್ತಿ 0.4 ಮಿಲಿ ಇವಿ ಹೆಚ್ಚು ಬರುತ್ತದೆ. ಮೊದಲು ತರಂಗಾಂತರವನ್ನು 1.00027ರಿಂದ ಗುಣಿಸಬೇಕು. ಸ್ಲಿಟ್ ವಿಷಯದಲ್ಲಿ, ಅರ್ಧ ಮೀಟರ್ ಸ್ಪೆಕ್ಟ್ರೋಮೀಟರ್, ಮಿಲಿಮೀಟರಿಗೆ 1200 ಗೆರೆಗಳ ಗ್ರೇಟಿಂಗ್, 50 ಮೈಕ್ರಾನ್ ಸ್ಲಿಟ್ ಇದ್ದರೆ 0.15 ಮಿಲಿ ಇವಿ ರೆಸಲ್ಯೂಶನ್ ಸಿಗುತ್ತದೆ.

ಗೊಂದಲವನ್ನೇ ತಪ್ಪಿಸಬೇಕೆಂದರೆ ಅಂಟಿಸದಿರುವುದು ಒಳ್ಳೆಯದು. ಪದರವನ್ನು ಎರಡು ಸಫೈರ್ ಕಿಟಕಿಗಳ ನಡುವಿನ ಸಣ್ಣ ಸಂದಿಯಲ್ಲಿ ಸಡಿಲವಾಗಿ ಇಟ್ಟು, ಒಂದು ಮೂಲೆಗೆ ಮಾತ್ರ ಹನಿ ಅಂಟು ತಾಗಿಸುತ್ತೇನೆ. ತಂಪು ತಲುಪಲು ಸುತ್ತ ಹೀಲಿಯಂ ಅನಿಲ ಬೇಕು, ನಿರ್ವಾತದಲ್ಲಿ ಹೀಗೆ ಇಟ್ಟರೆ ಪದರ ತಣಿಯುವುದೇ ಇಲ್ಲ. ಸಫೈರ್ ಕಿಟಕಿಗೆ ಒಂದು ಡಿಗ್ರಿಯಷ್ಟು ಓರೆ ಇರಲಿ. ಅರ್ಧ ಮಿಲಿಮೀಟರ್ ದಪ್ಪದ ಸಮಾನಾಂತರ ಕಿಟಕಿ 0.7 ಮಿಲಿ ಇವಿಗೊಂದರಂತೆ ಅಲೆಗಳನ್ನು ಹುಟ್ಟಿಸುತ್ತದೆ, ಅವು ಪೀಕ್‌ಗಳಂತೆಯೇ ಕಾಣುತ್ತವೆ. ಅಲೆಗಳಾದರೆ ಪೀಕ್‌ಗಿಂತ ತುಂಬಾ ಕೆಳಗೂ, ಏನೂ ಹೀರಿಕೆ ಇರಬಾರದ ಕಡೆಯೂ, ಒಂದೇ ಅಂತರದಲ್ಲಿ ಮುಂದುವರಿದಿರುತ್ತವೆ. ದೀಪದ ಮುಂದೆ 800ರಿಂದ 830 ನ್ಯಾನೊಮೀಟರ್ ಮಾತ್ರ ಬಿಡುವ ಫಿಲ್ಟರ್ ಇಡಿ. ಪೂರ್ತಿ ಬಿಳಿ ಬೆಳಕು ಬಿದ್ದರೆ ಪದರ ಬಿಸಿಯಾಗುತ್ತದೆ, ಜೊತೆಗೆ ತಾನೇ 818ರಲ್ಲಿ ಹೊಳೆದು ಹೀರಿಕೆಯ ಗುಂಡಿಯನ್ನು ತುಂಬಿಬಿಡುತ್ತದೆ.

n = 2 ಕಾಣದಷ್ಟು ಪೀಕ್‌ಗಳು ಅಗಲವಾಗಿದ್ದರೆ ಅಂಚನ್ನು ಹುಡುಕಲು ಹೀರಿಕೆಯ ಗುಣಾಂಕ α ದ ವರ್ಗವಾದ α² ಗೆರೆಯನ್ನು ಸೊನ್ನೆವರೆಗೆ ಕೆಳಕ್ಕೆ ಎಳೆಯುವ ಅಭ್ಯಾಸವಿದೆ. ಎಕ್ಸಿಟಾನ್ ಇರುವಲ್ಲಿ ಅದು ನಡೆಯುವುದಿಲ್ಲ. 1957ರಲ್ಲಿ ಎಲಿಯಟ್ ತೋರಿಸಿದಂತೆ, ಎಲೆಕ್ಟ್ರಾನ್ ಮತ್ತು ಹೋಲ್‌ಗಳ ಸೆಳೆತ ಅಂಚಿನ ಮೇಲಿನ ಹೀರಿಕೆಯನ್ನೂ ಬದಲಿಸುತ್ತದೆ; ಅದು ಅಂಚಿನಲ್ಲಿ ಸೊನ್ನೆಯಿಂದ ಶುರುವಾಗುವುದಿಲ್ಲ, ಹೆಚ್ಚುಕಡಿಮೆ ಸಮತಟ್ಟಾದ ಮೆಟ್ಟಿಲಾಗಿ ಇರುತ್ತದೆ. n = 3, 4, 5 ಎಂದು ಒತ್ತೊತ್ತಾಗಿ ಬರುವ ಪೀಕ್‌ಗಳು ಅದೇ ಎತ್ತರಕ್ಕೆ ಬಂದು ಸೇರುತ್ತವೆ, ಅಂಚು ಇಲ್ಲಿದೆ ಎಂದು ತೋರಿಸುವ ಗುರುತೇ ಉಳಿಯುವುದಿಲ್ಲ. ಆದರೆ ಇದೇ ಸೂತ್ರದಿಂದ ಒಂದು ಉಪಾಯ ಸಿಗುತ್ತದೆ: n = 1 ಪೀಕ್‌ನ ವಿಸ್ತೀರ್ಣವನ್ನು ಮೆಟ್ಟಿಲಿನ ಎತ್ತರದಿಂದ ಭಾಗಿಸಿದರೆ 2R ಬರಬೇಕು. ಗ್ಯಾಲಿಯಂ ಆರ್ಸೆನೈಡ್‌ಗೆ ಅದು 8.4 ಮಿಲಿ ಇವಿ. ಪೀಕ್‌ನ ತಲೆ ಚಪ್ಪಟೆಯಾಗಿದ್ದರೆ ಈ ಸಂಖ್ಯೆ ಕಡಿಮೆ ಬರುತ್ತದೆ, ಆಗ ದಪ್ಪಕ್ಕೋ ಚದುರಿದ ಬೆಳಕಿಗೋ ಹಿಂತಿರುಗಿ ನೋಡುತ್ತೇನೆ.

ದ್ರವ ನೈಟ್ರೋಜನ್ ಮಾತ್ರ ಇದ್ದರೂ ಪ್ರಯತ್ನಿಸಬಹುದು. 77 ಕೆಲ್ವಿನ್‌ನಲ್ಲಿ ಉಷ್ಣ ಶಕ್ತಿ kT 6.6 ಮಿಲಿ ಇವಿ, ಬಂಧನ ಶಕ್ತಿಗಿಂತ ಹೆಚ್ಚು, ಹಾಗಾದರೆ ಪೀಕ್ ಹೇಗೆ ಉಳಿಯುತ್ತದೆ ಎಂದು ಕೇಳುವವರಿದ್ದಾರೆ. ಹೀರಿಕೆಯಲ್ಲಿ ನಾವು ಎಕ್ಸಿಟಾನನ್ನು ಹುಟ್ಟಿಸುತ್ತಿದ್ದೇವೆ ಅಷ್ಟೇ, ಅದು ಬದುಕಿ ಉಳಿಯಬೇಕಿಲ್ಲ. ಪೀಕ್‌ನ ಅಗಲವನ್ನು ನಿರ್ಧರಿಸುವುದು ಅದು ಎಷ್ಟು ಬೇಗ ಒಡೆಯುತ್ತದೆ ಎಂಬುದು, ಆ ಕೆಲಸ ಮಾಡುವ 36 ಮಿಲಿ ಇವಿ ಫೋನಾನುಗಳು 77 ಕೆಲ್ವಿನ್‌ನಲ್ಲಿ ಇನ್ನೂ ವಿರಳ. n = 1 ಸ್ಪಷ್ಟವಾಗಿ ಕಾಣುತ್ತದೆ, n = 2 ಮೆಟ್ಟಿಲಿನಲ್ಲಿ ಮುಳುಗಿರುತ್ತದೆ. ಆದ್ದರಿಂದ ಆ ತಾಪದಲ್ಲಿ ಎರಡು ಬೇರೆ ಬೇರೆ ಪೀಕ್‌ಗಳು ಕಂಡರೆ ಪದರ ಎಲ್ಲೋ ಅಂಟಿಕೊಂಡಿದೆ ಎಂದೇ ತಿಳಿದು ಕ್ರಯೋಸ್ಟಾಟ್ ಬಿಚ್ಚುತ್ತೇನೆ.