‘ನಮ್ಮ ಬಗ್ಗೆ’ ಪುಟಕ್ಕೆ ಏನು ಬರೆಯಬೇಕು?

ಶಿರಸಿಯಲ್ಲಿ ಮನೆಯಿಂದಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ನನ್ನ ಅತ್ತಿಗೆಯ ಜಾಲತಾಣದ ‘ನಮ್ಮ ಬಗ್ಗೆ’ ಪುಟವನ್ನು ಮೊನ್ನೆ ಕುಳಿತು ತಿದ್ದಿದೆವು. ಮೊದಲ ಸಾಲು ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂದಿತ್ತು. ಈ ಮಾತನ್ನು ಸಿಮೆಂಟ್ ಅಂಗಡಿಯವರೂ ಬರೆಯಬಹುದು! ಅಳಿಸಿ ಹೀಗೆ ಬರೆದೆವು:

‘ಮಿಡಿಯನ್ನು ಮರದಿಂದ ಉದುರಿಸುವುದಿಲ್ಲ, ತೊಟ್ಟು ಸಮೇತ ಕೊಯ್ಯಿಸುತ್ತೇವೆ. ನೆಲಕ್ಕೆ ಬಿದ್ದು ಪೆಟ್ಟಾದದ್ದು ಭರಣಿಯಲ್ಲಿ ಕೊಳೆಯುತ್ತದೆ. ಉಪ್ಪಿನಲ್ಲಿ ಚೆನ್ನಾಗಿ ಸುಕ್ಕುಗಟ್ಟಿದ ಮೇಲೆಯೇ ಮಸಾಲೆ ಬೆರೆಸುತ್ತೇವೆ.’

ಅಪರಿಚಿತರು ನಂಬುವುದು ಇಂಥ ವಿವರವನ್ನು. ಕೆಲಸ ಮಾಡಿದವರಿಗಷ್ಟೇ ಇದು ತಿಳಿದಿರುತ್ತದೆ. ನಿಮ್ಮದು ಸೀರೆಯೋ ಸಾಬೂನೋ ಆಗಿದ್ದರೆ, ಯಾವ ಹಂತದಲ್ಲಿ ಮಾಲು ಕೆಡುತ್ತದೆ, ಅದನ್ನು ಹೇಗೆ ತಡೆಯುತ್ತೀರಿ ಎಂದು ಬರೆಯಿರಿ.

ಕತೆ ಎಂದರೆ ವಂಶಾವಳಿಯಲ್ಲ. ಅಜ್ಜಿಯ ರುಚಿ ಎಂದು ಎಲ್ಲರೂ ಬರೆಯುತ್ತಾರೆ. ಅಜ್ಜಿ ನಿಜವಾಗಿ ಕಲಿಸಿದ ಒಂದು ಸಂಗತಿ ಇದ್ದರೆ ಮಾತ್ರ ಅವರನ್ನು ಕರೆತನ್ನಿ.

ನಿಮ್ಮಲ್ಲಿ ಏನು ಸಿಗುವುದಿಲ್ಲ ಎಂಬುದನ್ನೂ ಹೇಳಿ. ‘ಮಿಡಿ ಮುಗಿದರೆ ಮುಂದಿನ ಹಂಗಾಮಿನವರೆಗೆ ಸಿಗುವುದಿಲ್ಲ’ ಎಂಬ ಸಾಲಿಗೆ ಅತ್ತಿಗೆ ಹೆದರಿದ್ದರು, ನಾನೇ ಹಟ ಹಿಡಿದು ಉಳಿಸಿದೆ. ಮಾರುವವರೇ ಮಿತಿಯನ್ನು ಒಪ್ಪಿಕೊಂಡರೆ ಉಳಿದ ಮಾತಿಗೂ ತೂಕ ಬರುತ್ತದೆ.

ಕೊನೆಯಲ್ಲಿ ಪರೀಕ್ಷಿಸಬಹುದಾದದ್ದು ಬೇಕು: ನಿಮ್ಮ ಹೆಸರು, ಊರು, ಫೋನ್ ಎತ್ತುವ ಹೊತ್ತು, ಬಾಟಲಿ ಒಡೆದು ಬಂದರೆ ಏನು ಮಾಡುತ್ತೀರಿ ಎಂಬುದು. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ನೋಂದಣಿ ಸಂಖ್ಯೆಯೂ ಇರಲಿ. ಚಿತ್ರ ನಿಮ್ಮ ಅಡುಗೆಮನೆಯದೇ ಆಗಿರಲಿ, ಬೆಳಕು ಸ್ವಲ್ಪ ಮಂಕಾಗಿದ್ದರೂ ಅಡ್ಡಿಯಿಲ್ಲ.