ತ್ರಾಪಿಜ್ಯದೊಳಗೆ ಸಿಕ್ಕಿದ 27

ಲೆಕ್ಕ ಇಷ್ಟೇ. ABC ಒಂದು ತ್ರಿಭುಜ. AB ಮೇಲೆ D, AC ಮೇಲೆ E ಇವೆ. DE ಗೆರೆ ಪಾದ BC ಗೆ ಸಮಾಂತರ. AD : DB = 2 : 3. ಮೇಲಿನ ಚಿಕ್ಕ ತ್ರಿಭುಜ ADE ಯ ವಿಸ್ತೀರ್ಣ 12 ಚದರ ಸೆಂ.ಮೀ. ಹಾಗಾದರೆ ಕೆಳಗೆ ಉಳಿದ ತ್ರಾಪಿಜ್ಯ DBCE ಯ ವಿಸ್ತೀರ್ಣ ಎಷ್ಟು?

ಶಾಲೆಯಲ್ಲಿದ್ದಾಗ ನಾನು ಇದಕ್ಕೆ 27 ಅಂತ ಬರೆದಿದ್ದೆ. ಸಮರೂಪ ತ್ರಿಭುಜಗಳ ವಿಸ್ತೀರ್ಣ ಬಾಹುಗಳ ವರ್ಗದ ಅನುಪಾತದಲ್ಲಿರುತ್ತದೆ ಅನ್ನುವುದು ಬಾಯಿಪಾಠ ಆಗಿತ್ತು. ಅನುಪಾತ 2 : 3, ವರ್ಗ ಮಾಡಿದರೆ 4 : 9. ನಾಲ್ಕು ಪಾಲಿಗೆ 12 ಆದರೆ ಒಂಬತ್ತು ಪಾಲಿಗೆ 27. ಮುಗೀತು ಅಂದುಕೊಂಡಿದ್ದೆ. ಉತ್ತರಕ್ಕೆ ಕೆಂಪು ಗೀಟು ಬಿತ್ತು. ಸರಿಯಾದ ಉತ್ತರ 63 ಅಂತ ಗೊತ್ತಾಯಿತು, ಆದರೆ ಯಾಕೆ ಅಂತ ಹೊಳೆಯಲಿಲ್ಲ.

ಈಗ ನಾನೇ ಗಣಿತ ಹೇಳಿಕೊಡುತ್ತೇನೆ. ಈ ಲೆಕ್ಕ ಕೊಟ್ಟಾಗಲೆಲ್ಲ ಯಾರಾದರೂ ಒಬ್ಬರು 27 ಬರೆದೇ ಬರೆಯುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಆ 27 ಅನ್ನು ಇಡೀ ತ್ರಿಭುಜ ಅಂತ ತಿಳಿದು 12 ಕಳೆದು 15 ಅಂತ ಬರೆಯುತ್ತಾರೆ. ತಪ್ಪು ಎರಡಾದರೂ ಬೇರು ಒಂದೇ. DB ಯಾವ ಸಮರೂಪ ತ್ರಿಭುಜದ ಬಾಹು ಅಂತ ಯಾರೂ ಕೇಳಿಕೊಂಡಿಲ್ಲ. ಇಲ್ಲಿ ಒಂದಕ್ಕೊಂದು ಸಮರೂಪ ಆಗಿರುವುದು ADE ಮತ್ತು ABC. ಅವುಗಳ ಅನುರೂಪ ಬಾಹುಗಳು AD ಮತ್ತು AB. DB ಅನ್ನುವುದು ಬರೀ ಉಳಿದ ತುಂಡು. ತ್ರಾಪಿಜ್ಯವಂತೂ ತ್ರಿಭುಜವೇ ಅಲ್ಲ, ಅದಕ್ಕೆ ವರ್ಗದ ನಿಯಮ ಹಚ್ಚಲು ಬರುವುದಿಲ್ಲ.

ಹಾಗಾಗಿ ಮೊದಲು ಕೂಡಬೇಕು. AB ಅಂದರೆ 2 + 3 = 5 ಪಾಲು. AD : AB = 2 : 5. ವಿಸ್ತೀರ್ಣಗಳು 4 : 25. ನಾಲ್ಕು ಪಾಲು 12 ಆದರೆ ಒಂದು ಪಾಲು 3, ಇಡೀ ತ್ರಿಭುಜ 75. ತ್ರಾಪಿಜ್ಯ 75 − 12 = 63. ಬೇಕಿದ್ದರೆ ನೇರವಾಗಿ 25 − 4 = 21 ಪಾಲು ಅಂತಲೂ ಹಿಡಿಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಪ್ರಶ್ನೆಯಲ್ಲಿ AD : DB ಬದಲು DE : BC = 2 : 5 ಅಂತ ಕೊಟ್ಟಿದ್ದರೆ ಕೂಡಬಾರದು, ಅದು ಆಗಲೇ ಅನುರೂಪ ಬಾಹುಗಳ ಅನುಪಾತ. "ಕೂಡಬೇಕು" ಅಂತ ಉರು ಹೊಡೆದವರು ಅಲ್ಲಿ 7 ಮಾಡಿ ಕೂರುತ್ತಾರೆ.

ಒಂದು ದಿನ ಒಬ್ಬ ಹುಡುಗಿ ಕೇಳಿದಳು: "63 ಸರಿ ಅಂತ ಒಪ್ಪಿದೆ ಸರ್. ಆದ್ರೆ 27 ಅಲ್ಲ ಅಂತ ಚಿತ್ರ ನೋಡಿ ಹೇಳೋಕಾಗುತ್ತಾ?" ಒಳ್ಳೆಯ ಪ್ರಶ್ನೆ. ತಕ್ಷಣ ಉತ್ತರ ಬರಲಿಲ್ಲ. ಮರುದಿನ ರಟ್ಟು, ಕತ್ತರಿ ತಗೊಂಡು ಹೋದೆ.

ಪಾದ 15 ಸೆಂ.ಮೀ., ಎತ್ತರ 10 ಸೆಂ.ಮೀ. ಇರುವ ತ್ರಿಭುಜ ಕತ್ತರಿಸಿದೆವು. ವಿಸ್ತೀರ್ಣ 75. ಮೇಲಿನ ಶೃಂಗದಿಂದ 4 ಸೆಂ.ಮೀ. ಕೆಳಗೆ ಪಾದಕ್ಕೆ ಸಮಾಂತರವಾಗಿ ಗೆರೆ ಎಳೆದೆವು. ಆ ಗೆರೆಯನ್ನು ಅಳೆದರೆ 6 ಸೆಂ.ಮೀ. ಬಂತು. ಮೇಲಿನ ತುಂಡು ಅರ್ಧ × 6 × 4 = 12. ನಮ್ಮ ಲೆಕ್ಕದ ತ್ರಿಭುಜವೇ. ಕೆಳಗಿನ ತ್ರಾಪಿಜ್ಯದ ಎತ್ತರ 6, ಸಮಾಂತರ ಬಾಹುಗಳು 6 ಮತ್ತು 15. ಸೂತ್ರ ಹಾಕಿದರೆ ಅರ್ಧ × (6 + 15) × 6 = 63. ತಾಳೆ ಆಯಿತು.

ಆಮೇಲೆ ಆ ತ್ರಾಪಿಜ್ಯಕ್ಕೇ ಕತ್ತರಿ ಹಾಕಿದೆ. D ಇಂದ AC ಗೆ ಸಮಾಂತರವಾಗಿ ಒಂದು ಗೆರೆ, ಅದು BC ಯನ್ನು F ನಲ್ಲಿ ಮುಟ್ಟುತ್ತದೆ. ತ್ರಾಪಿಜ್ಯ ಎರಡು ತುಂಡಾಯಿತು. ಎಡಕ್ಕೆ ತ್ರಿಭುಜ DBF, ಬಲಕ್ಕೆ ಸಮಾಂತರ ಚತುರ್ಭುಜ DFCE. ಚತುರ್ಭುಜದ ಪಾದ 6, ಎತ್ತರ 6, ವಿಸ್ತೀರ್ಣ 36. ಎಡಗಡೆ ತ್ರಿಭುಜದ ಪಾದ 15 − 6 = 9, ಎತ್ತರ 6. ವಿಸ್ತೀರ್ಣ ಅರ್ಧ × 9 × 6.

27!

ಅಷ್ಟು ವರ್ಷ ತಪ್ಪು ಅಂದುಕೊಂಡಿದ್ದ ಸಂಖ್ಯೆ ತ್ರಾಪಿಜ್ಯದ ಮೂಲೆಯಲ್ಲೇ ಕೂತಿತ್ತು. DBF ಕೂಡ ABC ಗೆ ಸಮರೂಪ, ಅದರ ಬಾಹುವೇ DB. 2 : 3 ವರ್ಗ ಮಾಡಿ ನಾನು ಹುಡುಕಿದ್ದು ಈ ತ್ರಿಭುಜವನ್ನು. ಲೆಕ್ಕ ಸರಿಯಾಗೇ ಇತ್ತು, ಪಕ್ಕದ 36 ಅನ್ನು ಸೇರಿಸುವುದು ಬಿಟ್ಟುಹೋಗಿತ್ತು. ಪಾಲುಗಳಲ್ಲಿ ನೋಡಿದರೆ 4 + 9 + 12 = 25. (2 + 3)² ಬಿಡಿಸಿದಾಗ 4 ಮತ್ತು 9 ಬಂದು, ನಡುವೆ 2 × 2 × 3 = 12 ಬರುತ್ತದಲ್ವಾ? ಆ 12 ಪಾಲೇ ಈ ಸಮಾಂತರ ಚತುರ್ಭುಜ. ಬೀಜಗಣಿತದಲ್ಲಿ ಮಕ್ಕಳು ಮರೆಯುವ 2ab ರಟ್ಟಿನ ತುಂಡಾಗಿ ಕೈಗೆ ಸಿಕ್ಕಿದ್ದು ನನಗಂತೂ ಅವತ್ತೇ ಮೊದಲು.

ಹುಡುಗಿಯ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. DE ಮತ್ತು BC ನಡುವಿನ ಎತ್ತರ, ಮೇಲಿನ ತ್ರಿಭುಜದ ಎತ್ತರದ ಒಂದೂವರೆ ಪಟ್ಟು. DE ಅಷ್ಟೇ ಅಗಲದ ಸಮಾಂತರ ಚತುರ್ಭುಜ ಆ ಎತ್ತರದಲ್ಲಿ ತ್ರಾಪಿಜ್ಯದೊಳಗೆ ಹಿಡಿಸುತ್ತದೆ. ಅದರ ವಿಸ್ತೀರ್ಣ ಮೇಲಿನ ತ್ರಿಭುಜದ ಮೂರು ಪಟ್ಟು, ಅಂದರೆ 36. ಅಂದಮೇಲೆ ತ್ರಾಪಿಜ್ಯ 36 ಕ್ಕಿಂತ ಜಾಸ್ತಿ ಇರಲೇಬೇಕು. 27 ಆಗಲಿ 15 ಆಗಲಿ ಸಾಧ್ಯವೇ ಇಲ್ಲ. ಈಗ ಉತ್ತರ ಬರೆಯುವ ಮೊದಲು ಈ ಪರೀಕ್ಷೆ ಮಾಡಿ ನೋಡಲು ಹೇಳುತ್ತೇನೆ.

ಇದೇ ಲೆಕ್ಕವನ್ನು ತಿರುಗಿಸಿ ಕೇಳಿದಾಗ ಮತ್ತೆ ಎಡವುತ್ತಾರೆ: ತ್ರಿಭುಜ, ತ್ರಾಪಿಜ್ಯ ಎರಡೂ ಸಮ ಆಗಬೇಕಾದರೆ ಗೆರೆ ಎಲ್ಲಿರಬೇಕು? "ಸರಿ ಮಧ್ಯೆ" ಅನ್ನುತ್ತಾರೆ. ಮಧ್ಯೆ ಎಳೆದರೆ ಮೇಲೆ 1 ಪಾಲು, ಕೆಳಗೆ 3 ಪಾಲು. ಮೇಲಿನದು ಇಡೀ ತ್ರಿಭುಜದ ಅರ್ಧ ಆಗಬೇಕಾದರೆ AD/AB ಯ ವರ್ಗ ಅರ್ಧ ಆಗಬೇಕು, ಅಂದರೆ AD/AB = 1/√2. AB 10 ಸೆಂ.ಮೀ. ಆದರೆ D, A ಇಂದ ಸುಮಾರು 7.07 ಸೆಂ.ಮೀ. ದೂರದಲ್ಲಿರುತ್ತದೆ. ಚಿತ್ರದಲ್ಲಿ ಗೆರೆ ತುಂಬಾ ಕೆಳಗಿದೆ ಅನ್ನಿಸುತ್ತದೆ. ಕಣ್ಣನ್ನು ನಂಬಬೇಡಿ, ಕತ್ತರಿಸಿ ತೂಗಿ ನೋಡಿ.

ಇದೆಲ್ಲ ನಡೆಯುವುದು ಗೆರೆ ಸಮಾಂತರ ಇದ್ದಾಗ ಮಾತ್ರ. ಚಿತ್ರದಲ್ಲಿ ಹಾಗೆ ಕಂಡರೆ ಸಾಲದು, ಪ್ರಶ್ನೆಯಲ್ಲಿ ಹೇಳಿರಬೇಕು, ಇಲ್ಲವೇ AD/AB = AE/AC ಅಂತ ನಾವೇ ತೋರಿಸಬೇಕು. AD/AB = 2/5 ಇದ್ದು AE/AC = 1/2 ಆಗಿದ್ದರೆ ವರ್ಗ ಮಾಡುವ ಹಾಗಿಲ್ಲ. ಎರಡನ್ನೂ ಗುಣಿಸಬೇಕು: 2/5 × 1/2 = 1/5. ಆಗ ಕೆಳಗೆ ಉಳಿಯುವುದು ಇಡೀ ತ್ರಿಭುಜದ 4/5, ಆದರೆ ಅದು ತ್ರಾಪಿಜ್ಯ ಅಲ್ಲ, ಸುಮ್ನೆ ಒಂದು ಚತುರ್ಭುಜ.