ಐದೂವರೆ ಸಾವಿರ ಪದಗಳ ಲೇಖನ ಮೂರು ಸಾವಿರಕ್ಕೆ ಇಳಿದ ಬಗೆ: ನನ್ನ ಅನುಭವ

ತೊಗರಿಯ ನೆಟೆರೋಗ ಮತ್ತು ಬೀಜೋಪಚಾರದ ಕುರಿತು ಆಳಂದ ಹಾಗೂ ಚಿಂಚೋಳಿ ತಾಲ್ಲೂಕುಗಳಲ್ಲಿ ಮಾಡಿದ ಸಮೀಕ್ಷೆಯ ಲೇಖನವನ್ನು ನಾನು ಬರೆದು ಮುಗಿಸಿದಾಗ ಅದು ಹೆಚ್ಚುಕಡಿಮೆ 5,500 ಪದಗಳಷ್ಟಾಗಿತ್ತು. ಪತ್ರಿಕೆಯ ಮಿತಿ 3,000 ಆಗಿದ್ದರಿಂದ, ಅಂಕಿಅಂಶ ಕೈಬಿಡದೆ ಇಷ್ಟು ಇಳಿಸಲು ಸಾಧ್ಯವೇ ಇಲ್ಲವೆಂದು ಕಲಬುರಗಿಯ ನನ್ನ ಸಹೋದ್ಯೋಗಿಗಳು ಹೇಳಿದರು.

ಮೊದಲ ಸಲ ಪ್ರತಿ ಪ್ಯಾರಾದಿಂದ ಅರ್ಧದಷ್ಟು ತೆಗೆಯುತ್ತ ಹೋದೆ, ಅದು ಕೆಟ್ಟಿತು. ಎರಡನೆಯ ಸಲ ಸುಮಾರು 1,500 ರೂಪಾಯಿ ಕೊಟ್ಟು ಒಬ್ಬರಿಂದ ತಿದ್ದಿಸಿದೆ. ಭಾಷೆ ಚೆನ್ನಾಗಿ ಬಂತು, ಆದರೆ ಆಳಂದದಲ್ಲಿ 32 ರೈತರು, ಚಿಂಚೋಳಿಯಲ್ಲಿ 28 ರೈತರು ಎಂಬ ಮಾತನ್ನೇ ಅವರು ತೆಗೆದಿದ್ದರು. ಉಳಿದದ್ದು ಬೀಜೋಪಚಾರ ಮಾಡಿದವರು ಶೇ. 56 ಮತ್ತು ಶೇ. 32 ಎಂಬ ಎರಡು ಸಂಖ್ಯೆಗಳು. ಓದುಗನು ಇವೆರಡರ ಸರಾಸರಿ ತೆಗೆದರೆ ಶೇ. 44 ಬರುತ್ತದೆ, ನಿಜವಾದ ಒಟ್ಟು ಪ್ರಮಾಣ ಶೇ. 45. ಎಷ್ಟು ಜನರಲ್ಲಿ ಎಂಬುದು ಹೋದರೆ ಶೇಕಡಾವಾರು ನಿಂತರೂ ಲೆಕ್ಕ ನಿಲ್ಲುವುದಿಲ್ಲ ಎಂಬುದು ಅಂದು ನನಗೆ ಮನವರಿಕೆಯಾಯಿತು.

ಮೂರನೆಯ ಸಲ, ಒಂದು ಪದವನ್ನೂ ಅಳಿಸುವ ಮೊದಲು ಲೇಖನದ ಪ್ರತಿ ಸಂಖ್ಯೆಯನ್ನು ಬೇರೆ ಹಾಳೆಯಲ್ಲಿ ಬರೆದು, ಅದು ಎಲ್ಲೆಲ್ಲಿ ಬಂದಿದೆ ಎಂದು ಗುರುತು ಹಾಕಿದೆ. ಹಲವು ಸಂಖ್ಯೆಗಳು ಕೋಷ್ಟಕದಲ್ಲಿ, ಅದರ ವಿವರಣೆಯಲ್ಲಿ, ಚರ್ಚೆಯಲ್ಲಿ ಮತ್ತು ಉಪಸಂಹಾರದಲ್ಲಿ ಹೀಗೆ ನಾಲ್ಕು ಕಡೆ ಇದ್ದವು. ತಾಲ್ಲೂಕುವಾರು ವಿವರ ಕೋಷ್ಟಕದಲ್ಲಿ ಮಾತ್ರ, ಒಟ್ಟು ಫಲಿತಾಂಶ ವಾಕ್ಯದಲ್ಲಿ ಒಮ್ಮೆ ಮಾತ್ರ ಎಂದು ನಿಶ್ಚಯಿಸಿದ ಮೇಲೆ ಸುಮಾರು 1,400 ಪದಗಳು ತಾವಾಗಿಯೇ ಬಿದ್ದವು.

ಉಳಿದದ್ದನ್ನು ವಾಕ್ಯ ವಾಕ್ಯವಾಗಿ ತೆಗೆಯಬೇಕಾಯಿತು. ಉದಾಹರಣೆಗೆ, "ಈ ಅಧ್ಯಯನದ ಸಲುವಾಗಿ ಆಯ್ಕೆ ಮಾಡಿಕೊಳ್ಳಲಾದ ಒಟ್ಟು 60 ರೈತರ ಪೈಕಿ 27 ಜನ ರೈತರು, ಅಂದರೆ ಶೇ. 45ರಷ್ಟು ರೈತರು, ಬಿತ್ತನೆಗೆ ಮುಂಚಿತವಾಗಿ ಬೀಜೋಪಚಾರವನ್ನು ಮಾಡಿರುವುದು ಕೋಷ್ಟಕ 3ರಿಂದ ಸ್ಪಷ್ಟವಾಗಿ ಕಂಡುಬರುತ್ತದೆ" ಎಂಬ 24 ಪದಗಳ ವಾಕ್ಯವು "60 ರೈತರಲ್ಲಿ 27 ಮಂದಿ (ಶೇ. 45) ಬೀಜೋಪಚಾರ ಮಾಡಿದ್ದರು (ಕೋಷ್ಟಕ 3)" ಎಂದು ಹತ್ತು ಪದಗಳಿಗೆ ಇಳಿಯಿತು. ಬೀಜೋಪಚಾರ ಎಂದರೆ ಬಿತ್ತನೆಗೆ ಮುಂಚಿನದೇ. "ರೈತರು" ಎಂಬ ಪದವೇ ಮೂರು ಸಲ ಬಂದಿತ್ತು. ಸಂಖ್ಯೆ ಒಂದೂ ಹೋಗಲಿಲ್ಲ. "ಕಂಡುಬರುತ್ತದೆ", "ಗಮನಿಸಬಹುದಾಗಿದೆ" ಎಂಬ ಬಾಲಗಳನ್ನು ಮಾತ್ರ ಹುಡುಕಿ ತೆಗೆದದ್ದರಿಂದಲೇ ಇನ್ನೂರರಷ್ಟು ಪದ ಕಡಿಮೆಯಾದವು. ಆದರೆ "ಬಹುಶಃ" ಎಂಬುದನ್ನು ಎಲ್ಲಿಯೂ ಮುಟ್ಟಲಿಲ್ಲ, ಏಕೆಂದರೆ ರೋಗ ಕಡಿಮೆಯಾದದ್ದು ಬೀಜೋಪಚಾರದಿಂದಲೇ ಎಂದು ಸಮೀಕ್ಷೆಯೊಂದರಿಂದ ಹೇಳಲು ಬರುವುದಿಲ್ಲ.

ನಡುವೆ ಪದಗಳನ್ನು ಕೂಡಿಸಿ ಬರೆಯುವುದನ್ನೂ ಪರೀಕ್ಷಿಸಿದೆ. "ಮಾಡಿ ಕೊಂಡು ಇದ್ದರು" ಎಂಬುದನ್ನು "ಮಾಡಿಕೊಂಡಿದ್ದರು" ಎಂದರೆ ಕಂಪ್ಯೂಟರಿನ ಎಣಿಕೆಯಲ್ಲಿ ಮೂರು ಪದ ಒಂದಾಗುತ್ತದೆ, ಆದರೆ ಪುಟ ಕಡಿಮೆಯಾಗುವುದಿಲ್ಲ. ಹೆಚ್ಚುವರಿ ಪುಟಕ್ಕೆ ಹಣ ಕೇಳುವ ಪತ್ರಿಕೆಯಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಚರ್ಚೆಯ ಭಾಗವನ್ನು ಮೂರನೆಯ ಒಂದು ಪಾಲಿಗೆ ಇಳಿಸಿದ ಕ್ರಮವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಕೊನೆಗೆ ಹಾಳೆಯಲ್ಲಿದ್ದ ಸಂಖ್ಯೆಗಳನ್ನು ಒಂದೊಂದಾಗಿ ಲೇಖನದೊಂದಿಗೆ ತಾಳೆ ನೋಡಿದಾಗ ಎಲ್ಲವೂ ಇದ್ದವು, ಎಣಿಕೆ 2,960ರ ಆಸುಪಾಸಿನಲ್ಲಿ ನಿಂತಿತ್ತು. ಸಾಧ್ಯವಿಲ್ಲವೆಂದಿದ್ದವರಲ್ಲಿ ಇಬ್ಬರು ಆ ಹಾಳೆಯ ನಕಲನ್ನು ತಮ್ಮ ಲೇಖನಗಳಿಗಾಗಿ ತೆಗೆದುಕೊಂಡು ಹೋದರು.